ಸಹಾಯ ಬೇಕು: ಬಿಪಿ ಇರುವ ಅಮ್ಮನಿಗೆ ಮೂಗು ಕಟ್ಟಿದರೆ ಏನು ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆಯ ಹತ್ತಿರದವರು. 62 ವರ್ಷದ ನನ್ನ ಅಮ್ಮ ಬಿಪಿಗೆ ದಿನಕ್ಕೊಂದು ಆಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಾರೆ, ಬಿಪಿ 130/80ರ ಆಸುಪಾಸಿನಲ್ಲಿರುತ್ತದೆ. ಈ ಮಳೆಯಲ್ಲಿ ನೆಗಡಿಯಾಗಿ ಮೂಗು ಕಟ್ಟಿದ್ದರಿಂದ ಅಂಗಡಿಯಿಂದ ತಂದ ನೆಗಡಿ ಮಾತ್ರೆಯನ್ನು ಎರಡು ದಿನ ನುಂಗಿದರು. ಎದೆ ಡವಡವ ಎನ್ನುತ್ತಿದೆ ಎಂದಾಗ ಮನೆಯ ಯಂತ್ರದಲ್ಲಿ ನೋಡಿದರೆ 158/96 ಇತ್ತು.

ಆಮೇಲೆ ಮಾತ್ರೆ ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿದೆ: ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮಿನ್, ಜೊತೆಗೆ ಫಿನೈಲೆಫ್ರಿನ್ 10 ಮಿ.ಗ್ರಾಂ. ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸಿ ಉಸಿರು ಬಿಡಿಸುವ ಈ ಫಿನೈಲೆಫ್ರಿನ್, ನುಂಗಿದಾಗ ಮೈಯ ಬೇರೆ ರಕ್ತನಾಳಗಳನ್ನೂ ಬಿಗಿಗೊಳಿಸಿ ಬಿಪಿ ಏರಿಸಬಲ್ಲದು. ಅಂಗಡಿಯವರು ಬಿಡಿಯಾಗಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ಪಟ್ಟಿಯ ತುಂಡಿನಲ್ಲಿ ಈ ಹೆಸರು ಅರ್ಧವೇ ಉಳಿದಿದ್ದು ನನಗೆ ತುಂಬಾ ನೋವು ತಂದಿತು. ಮಾತ್ರೆ ನಿಲ್ಲಿಸಿದ್ದೇವೆ, ಇಂದು ಬೆಳಿಗ್ಗೆ 138/84ಕ್ಕೆ ಇಳಿದಿದೆ. ಬಿಪಿ ಮಾತ್ರೆ ಎಂದಿನಂತೆ ನಡೆದಿದೆ.

ಆದರೆ ಮೂಗು ಇನ್ನೂ ಕಟ್ಟಿದೆ. ಅಂಗಡಿಯವರು ಈಗ ಕೊಟ್ಟಿರುವ ಮೂಗಿನ ಹನಿಯ ಮೇಲೆ ಕ್ಸೈಲೋಮೆಟಜೋಲಿನ್ ಎಂದಿದೆ. ಅದೂ ರಕ್ತನಾಳ ಕುಗ್ಗಿಸುವ ಔಷಧವೇ. ವೈದ್ಯರನ್ನು ಕಾಣಲು ಸೋಮವಾರದವರೆಗೆ ಕಾಯಬೇಕು. ಇಲ್ಲಿರುವ ವೈದ್ಯರು, ಫಾರ್ಮಸಿಸ್ಟರು ದಯವಿಟ್ಟು ತಿಳಿಸಿ: ಅಲ್ಲಿಯವರೆಗೆ ಈ ಹನಿಯನ್ನು ಹಾಕಬಹುದೇ, ಅಥವಾ ಬರೀ ಉಪ್ಪುನೀರಿನ ಸಲೈನ್ ಹನಿ ಮತ್ತು ಪ್ಯಾರಸಿಟಮಾಲ್ ಮಾತ್ರ ಕೊಡಬೇಕೇ?