ಪ್ಲಗ್ ಹಾಕಿದ ಕೂಡಲೇ ವಾಷಿಂಗ್ ಮೆಷಿನ್‌ಗೆ ನೀರು ಬೀಳುತ್ತೆ: ಪ್ರೊಸೆಸರ್ ಹೋಗಿದೆಯಾ?

ಮಲ್ಲಿಗೆಮನೆ
ನಮ್ಮದು ಏಳು ವರ್ಷ ಹಳೆಯ ಟಾಪ್‌ಲೋಡ್ ಮೆಷಿನ್. ಮೊನ್ನೆ ಸಿಡಿಲು ಹೊಡೆದ ಸಂಜೆ ಕರೆಂಟ್ ಹೋಗಿ ಬಂತು. ಅವತ್ತಿಂದ ಪ್ಲಗ್ ಹಾಕಿದರೆ ಸಾಕು, ಬಟನ್ ಒತ್ತುವ ಮೊದಲೇ ನೀರು ಬೀಳುತ್ತೆ. ರಿಪೇರಿಯವರು ಇಡೀ ಬೋರ್ಡ್ ಬದಲಿಸಬೇಕು ಅಂದರು. ಬಿಚ್ಚಿ ನೋಡಿದರೆ ಜೆಲ್ಲಿಯಂಥ ಪದರದ ಕೆಳಗೆ 44 ಕಾಲಿನ ಒಂದೇ ಒಂದು ಚಿಪ್ ಇದೆ. ರ್‍ಯಾಮ್ ಕಾಣಲಿಲ್ಲ, ಮೆಮೊರಿ ಕಾರ್ಡ್ ಇಲ್ಲ. ಇದೇ ಪ್ರೊಸೆಸರಾ? ಇದನ್ನು ಕಿತ್ತು ನನ್ನ ಹತ್ತಿರ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಹಾಕಬಹುದಾ?

ಬಿಟ್‌ಬೈಟ್
ಅದು ಮೈಕ್ರೋಕಂಟ್ರೋಲರ್. ಮೈಕ್ರೋಪ್ರೊಸೆಸರ್‌ನ ಅಗ್ಗದ, ನಿಧಾನದ ರೂಪ ಅಷ್ಟೇ. ಪೈ ಅದಕ್ಕಿಂತ ಎಷ್ಟೋ ಪಟ್ಟು ವೇಗ. ಒಂದು ರಿಲೇ ಬೋರ್ಡ್ ಸೇರಿಸಿ ಹಾಕಿಬಿಡಿ.

ಬೆಸುಗೆಕಡ್ಡಿ
ದಯವಿಟ್ಟು ಇನ್ನೂ ಏನೂ ಕೀಳಬೇಡಿ. ಅಗ್ಗ, ನಿಧಾನ ಎನ್ನುವುದು ನಿಜ. ಆದರೆ ವ್ಯತ್ಯಾಸ ಅದಲ್ಲ. ಮೈಕ್ರೋಪ್ರೊಸೆಸರ್ ಲೆಕ್ಕ ಮಾಡುವ ಭಾಗ ಮಾತ್ರ. ರ್‍ಯಾಮ್, ಪ್ರೋಗ್ರಾಂ ಇಡುವ ಜಾಗ ಎಲ್ಲ ಹೊರಗಿನಿಂದ ಕೊಡಬೇಕು. ನಿಮ್ಮ 44 ಕಾಲಿನ ಚಿಪ್‌ನಲ್ಲಿ ಇವೆಲ್ಲ ಒಳಗೇ ಇವೆ, ಅದಕ್ಕೇ ನಿಮಗೆ ರ್‍ಯಾಮ್ ಕಾಣಲಿಲ್ಲ. ಟೈಮರ್‌ಗಳೂ ಒಳಗೇ ಇವೆ. ಇಂಥ ಮೆಷಿನ್‌ಗಳಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್ ಸಾಮಾನ್ಯವಾಗಿ ನೀರು ಏರಿದಂತೆ ತನ್ನ ಫ್ರೀಕ್ವೆನ್ಸಿ ಬದಲಿಸುತ್ತದೆ. ಚಿಪ್‌ನ ಟೈಮರ್ ಆ ಮಿಡಿತಗಳನ್ನು ಎಣಿಸುತ್ತದೆ.

ಬಟ್ಟೆ ಒಗೆಯಲು ವೇಗ ಬೇಕಿಲ್ಲ. ಬೇಕಿರುವುದು ಹೊತ್ತಿಗೆ ಸರಿಯಾದ ಕೆಲಸ. ನಮ್ಮ 50 ಹರ್ಟ್ಸ್ ಕರೆಂಟ್ ಪ್ರತಿ 10 ಮಿಲಿಸೆಕೆಂಡ್‌ಗೆ ಸೊನ್ನೆ ದಾಟುತ್ತದೆ. ವಾಲ್ವ್, ಮೋಟಾರ್ ನಡೆಸುವ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಅಲ್ಲಿ ತಾನಾಗಿ ಆಫ್ ಆಗುತ್ತದೆ. ಆನ್ ಇರಬೇಕಾದರೆ ಚಿಪ್ ಮತ್ತೆ ಸಿಗ್ನಲ್ ಕೊಡಬೇಕು. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡರೆ ಒಳಗಿನ ವಾಚ್‌ಡಾಗ್ ಟೈಮರ್ ಚಿಪ್ಪನ್ನು ರೀಸೆಟ್ ಮಾಡುತ್ತದೆ, ವಾಲ್ವ್ ಮುಚ್ಚುತ್ತದೆ. ಪೈ ಬೂಟ್ ಆಗಲಿಕ್ಕೇ ಹಲವು ಸೆಕೆಂಡ್ ಬೇಕು. ಕರೆಂಟ್ ಪದೇ ಪದೇ ಹೋದರೆ ಎಸ್‌ಡಿ ಕಾರ್ಡ್ ಕೆಡುವ ಭಯ ಬೇರೆ.

ಇನ್ನೂ ಮುಖ್ಯ ಮಾತು: ಇಂಥ ಬೋರ್ಡ್‌ಗಳಲ್ಲಿ 5 ವೋಲ್ಟ್ ಲೈನ್ ಹೆಚ್ಚಾಗಿ ನೇರ ಮನೆ ಕರೆಂಟಿಗೇ ಸೇರಿರುತ್ತದೆ. ಪ್ಲಗ್ ಇರುವಾಗ ಅದನ್ನು ಮುಟ್ಟಬೇಡಿ, ಪೈಯನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಜೋಡಿಸಲೇಬೇಡಿ.

ಈಗ ಎರಡು ಪ್ರಶ್ನೆ. ಪ್ಲಗ್ ತೆಗೆದರೆ ನೀರು ನಿಲ್ಲುತ್ತಾ? ಡಿಸ್‌ಪ್ಲೇ, ಬಟನ್ ಕೆಲಸ ಮಾಡುತ್ತವಾ?

ಶಾರದಕ್ಕ
ನಮ್ಮ ಮೆಷಿನ್ ಗುಂಯ್ ಅನ್ನುತ್ತೆ, ತಿರುಗಲ್ಲ. ಕೈಯಲ್ಲಿ ಸ್ವಲ್ಪ ನೂಕಿದರೆ ತಿರುಗುತ್ತೆ. ನಮಗೂ ಈ ಚಿಪ್ಪೇ ಹೋಗಿರಬಹುದಾ?

ಬೆಸುಗೆಕಡ್ಡಿ
ಇಲ್ಲ ಅಕ್ಕಾ, ಅದು ಹೆಚ್ಚಾಗಿ ಮೋಟಾರ್‌ನ ಕ್ಯಾಪಾಸಿಟರ್. ಮೊದಲು ಅದನ್ನು ನೋಡಿಸಿ. ಮೆಷಿನ್ ಆನ್ ಇದ್ದಾಗ ಕೈ ಹಾಕಬೇಡಿ.

ಮಲ್ಲಿಗೆಮನೆ
ಪ್ಲಗ್ ತೆಗೆದ ತಕ್ಷಣ ನೀರು ನಿಲ್ಲುತ್ತೆ. ಡಿಸ್‌ಪ್ಲೇ, ಬಟನ್ ಎಲ್ಲ ಸರಿ ಇವೆ. ನೀರು ತುಂಬಾ ಏರಿದಾಗ ಎರರ್ ತೋರಿಸಿ ತಾನೇ ಹೊರಗೆ ಬಿಡುತ್ತೆ.

ಬೆಸುಗೆಕಡ್ಡಿ
ಹಾಗಾದರೆ ಚಿಪ್ ಬದುಕಿದೆ. ಸೆನ್ಸರ್ ಓದುತ್ತಿದೆ, ಡ್ರೈನ್ ನಡೆಸುತ್ತಿದೆ. ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿದ್ದರೆ ಪ್ಲಗ್ ತೆಗೆದರೂ ನೀರು ಬರುತ್ತಿತ್ತು. ಉಳಿದದ್ದು ಆ ವಾಲ್ವ್‌ನ ಟ್ರಯಾಕ್. ಅದು ಸುಟ್ಟು ಶಾರ್ಟ್ ಆದರೆ ಚಿಪ್ ಮಾತು ಕೇಳುವುದಿಲ್ಲ.

ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ. ವಾಲ್ವ್‌ನ ಕನೆಕ್ಟರ್ ಕಳಚಿ. ವಾಲ್ವ್ ವೈರ್ ಹಿಡಿದುಕೊಂಡು ಬೋರ್ಡ್ ಕಡೆ ಹೋದರೆ ಮೂರು ಕಾಲಿನ ಸಣ್ಣ ಟ್ರಯಾಕ್ ಸಿಗುತ್ತೆ. ಮೇಲಿನ ಜೆಲ್ಲಿ ಬಿಡಿಸಿ, ಚಿಪ್ಪಿನ ಸಿಗ್ನಲ್ ಬರುವ ಗೇಟ್ ಕಾಲು ಬಿಟ್ಟು ಉಳಿದೆರಡು ಕಾಲಿಗೆ ಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಅದು ಹೋಗಿದೆ. ವಾಲ್ವ್‌ನ ಕಾಯಿಲ್ ಅಳೆದರೆ ಕೆಲವು ಸಾವಿರ ಓಮ್ ಬರಬೇಕು.

ಟ್ರಯಾಕ್ ಸರಿ ಇದ್ದರೆ ಮಾತ್ರ ಚಿಪ್‌ನ ಕಾಲಿನ ಮೇಲೆ ಅನುಮಾನ. ಆಗ ಬೋರ್ಡೇ ಬದಲಿಸಬೇಕು. ಅಂಗಡಿಯಲ್ಲಿ ಅದೇ ನಂಬರಿನ ಚಿಪ್ ಸಿಕ್ಕರೂ ಅದು ಖಾಲಿ. ಒಗೆಯುವ ಪ್ರೋಗ್ರಾಂ ಹಳೆಯದರ ಒಳಗಿದೆ, ಸಾಮಾನ್ಯವಾಗಿ ಓದಲು ಆಗದಂತೆ ಲಾಕ್ ಮಾಡಿರುತ್ತಾರೆ.

ಬಿಟ್‌ಬೈಟ್
ಒಪ್ಪಿದೆ. ಆದರೆ ಪೈ ಮೇಲಿನ ಚಿಪ್‌ನಲ್ಲೂ ಟೈಮರ್, ಹೊರಗಿನ ಭಾಗಗಳ ಜೊತೆ ಸಿಗ್ನಲ್ ಕೊಟ್ಟು ತೆಗೆದುಕೊಳ್ಳುವ ಜಿಪಿಐಒ ಎಲ್ಲ ಒಳಗೇ ಇವೆಯಲ್ಲ. ಹಾಗಾದರೆ ಗೆರೆ ಎಳೆಯುವುದು ಎಲ್ಲಿ?

ಬೆಸುಗೆಕಡ್ಡಿ
ಒಳ್ಳೆ ಪ್ರಶ್ನೆ. ಗೆರೆ ಈಗ ಅಷ್ಟು ಸ್ಪಷ್ಟ ಇಲ್ಲ. ಹೊರಗಿನ ರ್‍ಯಾಮ್ ಇಲ್ಲದೆ ಪ್ರೋಗ್ರಾಂ ಓಡುತ್ತಾ ಎಂದು ನಾನು ನೋಡುತ್ತೇನೆ. ಬೇರೆಯವರು ಒಪ್ಪದೆ ಇರಬಹುದು.

ಮಲ್ಲಿಗೆಮನೆ
ಮೀಟರ್ 2 ಓಮ್ ತೋರಿಸಿತು! ಮೇಲೆ MAC97A6 ಅಂತಿತ್ತು. ಅದೇ ತಂದು ಪಕ್ಕದ ಟಿವಿ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದೆ. ಈಗ ಬಟನ್ ಒತ್ತಿದ ಮೇಲೇ ನೀರು ಬರುತ್ತೆ, ಮಟ್ಟಕ್ಕೆ ನಿಲ್ಲುತ್ತೆ. ಕಾಯಿಲ್ 4 ಸಾವಿರ ಓಮ್ ಇದೆ. ಟ್ರಯಾಕ್ ಸಿಡಿಲಿಗೇ ಹೋಯಿತಾ, ಇಲ್ಲಾ ಬೇರೆ ಕಾರಣ ಇದೆಯಾ ಗೊತ್ತಾಗಲಿಲ್ಲ. ಸದ್ಯಕ್ಕೆ ಒಗೆದಾದ ಮೇಲೆ ಪ್ಲಗ್ ತೆಗೆದು ನಲ್ಲಿ ಮುಚ್ಚುತ್ತಿದ್ದೇನೆ.