ಸಹಾಯ ಬೇಕು: ಕಂಪ್ರೆಶನ್ ಸ್ಟಾಕಿಂಗ್ಸ್‌ಗೆ ಕಣಕಾಲು ಒಂದು ಸೈಜ್, ಮೀನಖಂಡ ಇನ್ನೊಂದು ಸೈಜ್

ಎಲ್ಲರಿಗೂ ನಮಸ್ಕಾರ. ದಿನವಿಡೀ ನಿಂತು ಮಾಡುವ ಕೆಲಸ ನನ್ನದು; ಸದ್ಯದಲ್ಲೇ ದೀರ್ಘ ವಿಮಾನ ಪ್ರಯಾಣವೂ ಇರುವುದರಿಂದ, ಮಂಡಿಯ ಕೆಳಗಿನವರೆಗೆ ಬರುವ, 15–20 ಮಿಲಿಮೀಟರ್ ಪಾದರಸದ ಒತ್ತಡದ ಸ್ಟಾಕಿಂಗ್ಸ್ ಕೊಳ್ಳಬೇಕೆಂದಿದ್ದೇನೆ. ರಕ್ತನಾಳದ ತೊಂದರೆಯಾಗಲಿ, ಮಧುಮೇಹವಾಗಲಿ ಇಲ್ಲವೆಂದು ವೈದ್ಯರಲ್ಲಿ ಖಚಿತಪಡಿಸಿಕೊಂಡಿದ್ದೇನೆ.

ಬೆಳಿಗ್ಗೆ ಎದ್ದ ಕೂಡಲೇ, ಕಾಲು ಊದಿಕೊಳ್ಳುವ ಮೊದಲೇ, ಬಟ್ಟೆ ಅಳೆಯುವ ಟೇಪಿನಿಂದ ಬಿಗಿ ಮಾಡದೆ ಅಳೆದೆ. ಕಣಕಾಲಿನ ಮೂಳೆಗಂಟಿನ ಸ್ವಲ್ಪ ಮೇಲೆ, ಅತಿ ಸಪೂರವಾದ ಜಾಗದಲ್ಲಿ ಸುತ್ತಳತೆ 22.5 ಸೆಂ.ಮೀ. ಇದೆ, ಮೀನಖಂಡದ ಅತಿ ದಪ್ಪ ಭಾಗದಲ್ಲಿ 41 ಸೆಂ.ಮೀ. ಇದೆ. ನಾನು ನೋಡುತ್ತಿರುವ ಪಟ್ಟಿಯ ಮೀಡಿಯಂ ಸೈಜ್‌ನಲ್ಲಿ ಕಣಕಾಲಿಗೆ 21–24, ಮೀನಖಂಡಕ್ಕೆ 31–39 ಎಂದಿದೆ. ಲಾರ್ಜ್ ತೆಗೆದುಕೊಂಡರೆ ಮೀನಖಂಡಕ್ಕೆ ಹೊಂದುತ್ತದೆ, ಆದರೆ ಅದರ ಕಣಕಾಲಿನ ಅಳತೆ 24ರಿಂದ ಆರಂಭವಾಗುತ್ತದೆ.

ಈ ಸ್ಟಾಕಿಂಗ್ಸ್‌ನ ಒತ್ತಡ ಕಣಕಾಲಿನಲ್ಲಿ ಅತಿ ಹೆಚ್ಚಾಗಿದ್ದು ಮೇಲೇರಿದಂತೆ ಕಡಿಮೆಯಾಗಬೇಕು. ಹಾಗಾಗಿ ಲಾರ್ಜ್ ಕೊಂಡರೆ, ಎಲ್ಲಿ ಬಿಗಿ ಬೇಕೋ ಅಲ್ಲೇ ಸಡಿಲವಾಗಿ ಉದ್ದೇಶವೇ ಕೆಡುತ್ತದೆ. ಮೀಡಿಯಂ ಕೊಂಡರೆ ಸ್ಟಾಕಿಂಗ್ಸ್‌ನ ಮೇಲಂಚು ಮೀನಖಂಡವನ್ನು ಕಚ್ಚಿ, ಸುರುಳಿಗಟ್ಟಿ, ದಾರ ಬಿಗಿದಂತೆ ರಕ್ತದ ಹರಿವಿಗೇ ಅಡ್ಡಿಯಾದೀತು. ಅದರಲ್ಲೂ ಗಂಟೆಗಟ್ಟಲೆ ಮಂಡಿ ಮಡಚಿ ಕೂರುವ ವಿಮಾನದಲ್ಲಿ ಇದು ನನಗೆ ಹೆಚ್ಚು ಅಪಾಯಕರವೆನಿಸುತ್ತದೆ.

ಕಣಕಾಲಿನ ಅಳತೆಯನ್ನೇ ಆಧಾರವಾಗಿಟ್ಟುಕೊಂಡು, ಅಗಲ ಮೀನಖಂಡಕ್ಕೆಂದೇ ತಯಾರಾದ ಮೀಡಿಯಂ ಹುಡುಕುವುದು ಸರಿಯೆಂದು ನನ್ನ ಅಂದಾಜು. ಅಂಥದ್ದನ್ನು ಧರಿಸಿದವರು ಇದ್ದರೆ, ಸಂಜೆಯ ಹೊತ್ತಿಗೆ ಮೇಲಂಚು ಚರ್ಮದ ಮೇಲೆ ಆಳವಾದ ಗುರುತು ಮೂಡಿಸುತ್ತದೆಯೇ ಎಂದು ದಯವಿಟ್ಟು ತಿಳಿಸಿ. ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಉದ್ದವನ್ನು ನಿಂತು ಅಳೆಯಬೇಕೇ, ಕುಳಿತು ಅಳೆಯಬೇಕೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.