ಐದು ನಿಮಿಷದ ಲಸಿಕೆ ವಿಡಿಯೋ: ಪೆಂಟಾ ಮೂರು ಸಲ ಯಾಕೆ ಅಂತ ತೋರಿಸೋದು ಹೇಗೆ?

ಪ್ರಶ್ನೆ (ಮಂಡ್ಯ): ಒಂದೇ ಚುಚ್ಚುಮದ್ದಲ್ಲಿ ಐದು ಕಾಯಿಲೆ ತಡೆಯೋ ಪೆಂಟಾ ಲಸಿಕೆ ಬಗ್ಗೆ ಅಂಗನವಾಡಿಯ ತಾಯಂದಿರಿಗೆ ಐದು ನಿಮಿಷದ ವಿಡಿಯೋ ಬರೀತಿದ್ದೀನಿ. "ಸತ್ತ ರೋಗಾಣು ನೋಡಿ ನಮ್ಮ ಸೈನಿಕರು ಪಾಠ ಕಲೀತಾರೆ" ಅಂತ ಬರೆದೆ. ಒಂದೇ ಸಲ ಹಾಕಬಾರದಾ ಅಂತ ಕೇಳಿದ್ರೆ ಇದರಲ್ಲಿ ಉತ್ತರ ಇಲ್ಲ. ಹೇಗೆ ತಿದ್ದಲಿ?

ಉತ್ತರ (ಮಕ್ಕಳ ವೈದ್ಯೆ, ಮೈಸೂರು): ಐದೂ ಕಾಯಿಲೆ ಹಿಡೀಬೇಡಿ, ಧನುರ್ವಾಯು ಒಂದೇ ಸಾಕು. ಅದರ ಲಸಿಕೆಯಲ್ಲಿ ಸತ್ತ ರೋಗಾಣುವೂ ಇರೋಲ್ಲ. ಇರೋದು ರೋಗಾಣುವಿನ ವಿಷ, ಹಾನಿ ಮಾಡದ ಹಾಗೆ ಬದಲಿಸಿದ್ದು. ಆ ಸಾಲು ಮೊದಲು ತೆಗೀರಿ.

ಸೈನಿಕರ ಬದಲು ಭತ್ತ ತನ್ನಿ. ಮೊದಲ ನಿಮಿಷ: ಆರು ವಾರದ ಮಗುವಿನ ಎಡತೊಡೆಗೆ ಚುಚ್ಚುತ್ತಾರೆ, ಅಲ್ಲಿನ ಕಾವಲು ಕಣಗಳು ಆ ವಿಷದ ಚೂರನ್ನು ತೊಡೆಸಂದಿನ ದುಗ್ಧಗ್ರಂಥಿಗೆ ಒಯ್ಯುತ್ತವೆ. ಮುಂದಿನ ಎರಡು ನಿಮಿಷ ಕ್ಯಾಮರಾ ಆ ಗ್ರಂಥಿ ಬಿಟ್ಟು ಕದಲಬಾರದು. ಪ್ರತಿಕಾಯ ತಯಾರಿಸೋ ಬಿಳಿ ರಕ್ತಕಣಕ್ಕೆ ಬಿ ಕಣ ಅಂತಾರೆ. ಚೂರಿಗೆ ಅಂಟಿಕೊಂಡ ಬಿ ಕಣ ಒಡೆದು ಸಾವಿರಾರು ಆಗುತ್ತೆ, ಮರಿಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ. ಗಟ್ಟಿಯಾಗಿ ಅಂಟೋದು ಉಳಿಯುತ್ತೆ, ಮಿಕ್ಕಿದ್ದು ಸಾಯುತ್ತೆ. ಗದ್ದೆಯಲ್ಲಿ ಒಳ್ಳೆ ತೆನೆ ಆರಿಸಿ ಬೀಜಕ್ಕಿಟ್ಟು, ಅದನ್ನೇ ಮತ್ತೆ ಬಿತ್ತಿದ ಹಾಗೆ. ಕಲಿಯೋದು ಒಂದು ಕಣ ಅಲ್ಲ, ತಳಿ ಸುಧಾರಿಸುತ್ತೆ.

ಈ ಆಯ್ಕೆಗೆ ವಾರಗಟ್ಟಲೆ ಬೇಕು. ಆ ವಿಷದ ಚೂರುಗಳು ಕಮ್ಮಿಯಾಗ್ತಾ ಬಂದಷ್ಟೂ ಅವಕ್ಕಾಗಿ ಕಣಗಳ ಪೈಪೋಟಿ ಬಿಗಿ. ಅದಕ್ಕೇ 6, 10, 14 ವಾರ. ಹತ್ತೇ ದಿನಕ್ಕೆ ಎರಡನೇದು ಹಾಕಿದರೆ ಆರಿಸೋ ಕೆಲಸ ಅರ್ಧದಲ್ಲಿರುತ್ತೆ. ನಾಲ್ಕನೇ ನಿಮಿಷದಲ್ಲಿ, ಕಣಜದಲ್ಲಿಟ್ಟ ಆ ಬೀಜ, ಅಂದರೆ ಆರಿಸಿ ಉಳಿದ ಬಿ ಕಣಗಳು, ಎರಡನೇ ಡೋಸಿಗೆ ಬೇಗ, ಹೆಚ್ಚಾಗಿ ಮೊಳೆಯೋದನ್ನ ತೋರಿಸಿ. ಕೊನೇ ನಿಮಿಷ ತಾಯಿ ಕಾರ್ಡಿಗೆ. ಮಾತು ಸುಮಾರು 450 ಪದ ದಾಟಿದರೆ ಓದೋರು ಓಡಬೇಕಾಗುತ್ತೆ.

ನರ್ಸಿಂಗ್ ವಿದ್ಯಾರ್ಥಿ: ಜ್ವರ ಬಂದ್ರೆ ಲಸಿಕೆ ಹಿಡೀತು ಅಂತಾನೂ ಸೇರಿಸಿ ಮೇಡಂ.

ಮಕ್ಕಳ ವೈದ್ಯೆ: ಅರ್ಧ ಸರಿ. ಆ ಜ್ವರ ಚುಚ್ಚಿದ ಜಾಗದ ಕಾವಲು ಕಣಗಳ ಗಲಾಟೆ, ಸಾಮಾನ್ಯವಾಗಿ ಒಂದೆರಡು ದಿನ. ತೆನೆ ಆರಿಸೋ ಕೆಲಸ ಆಮೇಲಿನದು, ಅದು ಹೊರಗೆ ಕಾಣಲ್ಲ. ಹಾಗೆ ಬರೆದರೆ ಜ್ವರ ಬಾರದ ಮಗುವಿನ ತಾಯಿ ಲಸಿಕೆ ದಂಡ ಆಯ್ತು ಅಂತ ಕೂರ್ತಾರೆ.

ಒಬ್ಬ ತಂದೆ (ಮದ್ದೂರು): ನಮ್ಮ ಮಗೂಗೆ 10 ವಾರದ್ದು ತಪ್ಪೋಯ್ತು, ಈಗ ಐದು ತಿಂಗಳು. ಮೊದಲಿಂದ ಹಾಕಿಸ್ಬೇಕಾ?

ಮಕ್ಕಳ ವೈದ್ಯೆ: ಬೇಡಿ ಅಣ್ಣ. ಕಣಜದ ಬೀಜ ಹಾಗೇ ಇರುತ್ತೆ. ಈ ವಾರವೇ ಎರಡನೇದು ಹಾಕಿಸಿ, ನಾಲ್ಕು ವಾರ ಬಿಟ್ಟು ಮೂರನೇದು. ಇಷ್ಟು ದಿನ ರಕ್ಷಣೆ ಅರೆಬರೆ ಇತ್ತು, ಅದಕ್ಕೇ ಇನ್ನು ಮುಂದೂಡಬೇಡಿ. ಕಾರ್ಡ್ ಮರೀಬೇಡಿ.

ಪ್ರಶ್ನೆ ಕೇಳಿದವರು: ಭತ್ತ ಚೆನ್ನಾಗಿದೆ ಮೇಡಂ. ಆದರೆ ವಿಷದ ಚೂರುಗಳು ಕಮ್ಮಿಯಾದಷ್ಟೂ ಒಳ್ಳೇದು ಅನ್ನೋದಕ್ಕೆ ಗದ್ದೆಗೆ ನೀರು ಕಡಿತ ತೋರಿಸಿದ್ರೆ, ನಮ್ಮ ನಾಲೆ ಕಡೆಯೋರು ಒಪ್ಪಲ್ಲ.

ಮಕ್ಕಳ ವೈದ್ಯೆ: ಹೌದು, ಅಲ್ಲಿ ಹೋಲಿಕೆ ಕುಂಟುತ್ತೆ. ಆ ಹತ್ತು ಸೆಕೆಂಡ್ ಭತ್ತ ಬಿಟ್ಟು ಬರೀ ಕಣಗಳನ್ನೇ ತೋರಿಸಿದ್ರೆ ಹೇಗೆ? ಇದಕ್ಕಿಂತ ಒಳ್ಳೇದು ನನಗೂ ಹೊಳೀತಿಲ್ಲ.